ಒಂಟೆ ಮೂವತ್ತಾರು, ಕೋತಿ ಐವತ್ತು: ವರ್ಗಸಮೀಕರಣದ ತಾಳೆ ನೋಡುವ ಬಗೆ

ಹತ್ತನೇ ತರಗತಿಯ ವರ್ಗಸಮೀಕರಣದ ಪಾಠದಲ್ಲಿ ಬರುವಂಥದ್ದೇ ಒಂದು ಸಣ್ಣ ಲೆಕ್ಕ ತೆಗೆದುಕೊಳ್ಳೋಣ.

x(x + 1) = 2(x + 6)

ಆವರಣ ಬಿಡಿಸಿ, ಪದಗಳನ್ನೆಲ್ಲ ಎಡಕ್ಕೆ ತಂದು, ಅಪವರ್ತಿಸಿ ಮೂಲಗಳನ್ನು ಹುಡುಕಬೇಕು. ಒಬ್ಬ ಹುಡುಗಿ ಹೀಗೆ ಬರೆದಳು ಅಂದುಕೊಳ್ಳಿ:

x² + x = 2x + 6
x² − x − 6 = 0
(x − 3)(x + 2) = 0
x = 3 ಅಥವಾ x = −2

ಮೇಷ್ಟ್ರು ಹೇಳಿಕೊಟ್ಟಂತೆ ಅವಳು ತಾಳೆಯನ್ನೂ ನೋಡುತ್ತಾಳೆ. x² − x − 6 ರಲ್ಲಿ x ಇದ್ದಲ್ಲಿ 3 ಹಾಕಿದರೆ 9 − 3 − 6 = 0. ಸರಿ ಬಂತು. −2 ಹಾಕಿದರೆ 4 + 2 − 6 = 0. ಇದೂ ಸರಿ ಬಂತು. ಎರಡಕ್ಕೂ ಗುರುತು ಹಾಕಿ ಅವಳು ಮುಂದಿನ ಪ್ರಶ್ನೆಗೆ ಹೋಗುತ್ತಾಳೆ. ಆದರೆ ಎರಡೂ ಉತ್ತರ ತಪ್ಪು.

ಪ್ರಶ್ನೆಯಲ್ಲಿ ಕೊಟ್ಟಿದ್ದ ಸಾಲಿಗೇ ಹೋಗಿ ನೋಡಿ. x = 3 ಆದಾಗ ಎಡಭಾಗ 3 × 4 = 12, ಬಲಭಾಗ 2 × 9 = 18. x = −2 ಆದಾಗ ಎಡಭಾಗ (−2) × (−1) = 2, ಬಲಭಾಗ 2 × 4 = 8. ಎರಡೂ ಕಡೆ ಸಮ ಆಗಲಿಲ್ಲ. ಹುಡುಗಿ ತಾಳೆ ನೋಡಿದ್ದೇನೋ ನಿಜ, ಆದರೆ ನೋಡಿದ್ದು ತಾನು ತಿದ್ದಿ ಬರೆದುಕೊಂಡ ಎರಡನೇ ಸಾಲಿನಲ್ಲಿ. ತಪ್ಪು ನಡೆದದ್ದು ಅದಕ್ಕೂ ಮೊದಲು. 2(x + 6) ಬಿಡಿಸುವಾಗ 2 ರಿಂದ x ನ್ನು ಗುಣಿಸಿದಳು, 6 ನ್ನು ಗುಣಿಸುವುದು ಬಿಟ್ಟಳು. ಅಲ್ಲಿಂದ ಮುಂದಿನ ಪ್ರತಿ ಹೆಜ್ಜೆಯೂ ನಿರ್ದೋಷ. ಹಾಗಾಗಿಯೇ ಅಲ್ಲಿಂದ ಮುಂದಿನ ಯಾವ ಸಾಲಿನಲ್ಲಿ ತಾಳೆ ನೋಡಿದರೂ ಸೊನ್ನೆಯೇ ಬರುತ್ತದೆ.

ವರ್ಗಸಮೀಕರಣದ ತಾಳೆ ಎಂದರೆ ಮೂಲಗಳನ್ನು ‘ಸಮೀಕರಣದಲ್ಲಿ ಆದೇಶಿಸುವುದು’ ಎಂದು ಎಲ್ಲರೂ ಹೇಳುತ್ತಾರೆ. ಯಾವ ಸಮೀಕರಣದಲ್ಲಿ ಎಂಬ ಪ್ರಶ್ನೆಯಲ್ಲೇ ಅದರ ಸತ್ವವೆಲ್ಲ ಅಡಗಿದೆ. ಉತ್ತರಕ್ಕೂ ಪ್ರಶ್ನೆಗೂ ನಡುವೆ ನಾವು ಎಷ್ಟು ಹೆಜ್ಜೆ ಇಟ್ಟೆವೋ ಅಷ್ಟನ್ನೂ ದಾಟಿ, ನಮ್ಮ ಕೈ ಸೋಕದ ಮೊಟ್ಟಮೊದಲ ಸಾಲಿನಲ್ಲಿ ನೋಡಿದರೆ ಮಾತ್ರ ಆ ಹೆಜ್ಜೆಗಳೆಲ್ಲ ಪರೀಕ್ಷೆಗೆ ಒಳಗಾಗುತ್ತವೆ. ನಡುವಿನ ಸಾಲಿನಲ್ಲಿ ನೋಡಿದರೆ ಆ ಸಾಲಿನಿಂದ ಈಚಿನದಕ್ಕೆ ಮಾತ್ರ ಪರೀಕ್ಷೆ.

ಈ ಲೆಕ್ಕದಲ್ಲಿ ಇನ್ನೊಂದು ಸಂಗತಿ ಇದೆ. 12 ಮತ್ತು 18 ರ ನಡುವಿನ ವ್ಯತ್ಯಾಸ 6. 2 ಮತ್ತು 8 ರ ನಡುವಿನದೂ 6. ಎರಡು ಬೇರೆ ಬೇರೆ ಬೆಲೆಗಳನ್ನು ಹಾಕಿದರೂ ವ್ಯತ್ಯಾಸ ಬದಲಾಗಲಿಲ್ಲ ಎಂದರೆ, ತಪ್ಪು x ಇರುವ ಪದದಲ್ಲಿ ಆಗಿರಲಾರದು. x ಇರುವ ಪದ ತಪ್ಪಿದ್ದರೆ x ಬದಲಾದಂತೆ ವ್ಯತ್ಯಾಸವೂ ಬದಲಾಗಬೇಕಿತ್ತು. ಕಳೆದುಹೋದದ್ದು ಒಂದು ಸ್ಥಿರಪದ, ಅದರ ಬೆಲೆ 6. ಬಲಭಾಗದಲ್ಲಿ 12 ಇರಬೇಕಾದಲ್ಲಿ 6 ಇದೆ ಎಂದು ತಾಳೆಯೇ ಬೆರಳಿಟ್ಟು ತೋರಿಸುತ್ತದೆ. ತಿದ್ದಿದರೆ x² − x − 12 = 0, ಮೂಲಗಳು 4 ಮತ್ತು −3. ಕೊಟ್ಟ ಸಮೀಕರಣದಲ್ಲಿ 4 ಹಾಕಿದರೆ 4 × 5 = 20, 2 × 10 = 20. −3 ಹಾಕಿದರೆ (−3) × (−2) = 6, 2 × 3 = 6. ಈಗ ನಿಜವಾಗಿ ತಾಳೆಯಾಯಿತು.

ತಾಳೆ ಬೀಳದಿದ್ದಾಗ ಬಹುತೇಕ ಮಕ್ಕಳು ಇಡೀ ಲೆಕ್ಕವನ್ನು ಹೊಡೆದುಹಾಕಿ ಮೊದಲಿಂದ ಶುರು ಮಾಡುತ್ತಾರೆ. ಅದು ಬೇಡ. ಬಂದ ವ್ಯತ್ಯಾಸವನ್ನು ಒಮ್ಮೆ ದಿಟ್ಟಿಸಿ ನೋಡಬೇಕು. ಅದು ಬರಿಯ ‘ತಪ್ಪು’ ಎಂಬ ಸುದ್ದಿ ಅಲ್ಲ, ತಪ್ಪು ಎಲ್ಲಿದೆ ಎಂಬ ಸುಳಿವೂ ಹೌದು. ಅತಿ ಸಾಮಾನ್ಯವಾದ ಇನ್ನೊಂದು ತಪ್ಪಿನಲ್ಲಿ ಇದು ಮತ್ತೂ ಚೆನ್ನಾಗಿ ಕಾಣುತ್ತದೆ.

3x² − 5x − 2 = 0

ಅಪವರ್ತಿಸಿದರೆ (x − 2)(3x + 1) = 0. ಇಲ್ಲಿಯವರೆಗೆ ಸರಿ. ಕೊನೆಯ ಸಾಲಿನಲ್ಲಿ x = 2, x = 1/3 ಎಂದು ಬರೆದುಬಿಡುತ್ತಾರೆ. 3x + 1 = 0 ಎಂಬುದರಿಂದ −1/3 ಬರಬೇಕು, ಆದರೆ ಕೈ ಅವಸರದಲ್ಲಿ ಮೈನಸ್ ಚಿಹ್ನೆಯನ್ನು ಬಿಟ್ಟಿತು. 2 ನ್ನು ಹಾಕಿ ನೋಡಿದರೆ 12 − 10 − 2 = 0. ಒಂದು ಮೂಲ ಸರಿಯಾಯಿತಲ್ಲ, ಇನ್ನೊಂದೂ ಸರಿಯೇ ಇರುತ್ತದೆ ಎಂದು ಇಲ್ಲಿಗೇ ನಿಲ್ಲಿಸುವವರೇ ಹೆಚ್ಚು. ಅದೂ ಪೂರ್ಣಾಂಕವನ್ನು ಆರಿಸಿಕೊಂಡು ನಿಲ್ಲಿಸುತ್ತಾರೆ, ಏಕೆಂದರೆ ಭಿನ್ನರಾಶಿಯನ್ನು ವರ್ಗ ಮಾಡುವುದು ಬೇಸರ. ತಪ್ಪು ನುಸುಳುವ ಸಾಧ್ಯತೆ ಹೆಚ್ಚಿರುವುದು ಆ ಬೇಸರದ ಮೂಲದಲ್ಲೇ. ಅಪವರ್ತಿಸಿದ ಮೇಲೆ ಎರಡು ಮೂಲಗಳೂ ಎರಡು ಬೇರೆ ಸಾಲುಗಳಿಂದ ಹುಟ್ಟುತ್ತವೆ. ಒಂದು ಸಾಲು ಸರಿಯಿದ್ದ ಮಾತ್ರಕ್ಕೆ ಇನ್ನೊಂದಕ್ಕೆ ಅದು ಜಾಮೀನು ನಿಲ್ಲಲಾರದು.

1/3 ನ್ನು ಹಾಕಿ ನೋಡೋಣ. 3 × 1/9 = 1/3. −5 × 1/3 = −5/3. ಆಮೇಲೆ −2. ಒಟ್ಟು −10/3. ಸೊನ್ನೆ ಬರಲಿಲ್ಲ. ಈಗ ಈ −10/3 ನ್ನು ಮಧ್ಯಪದದ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಮಧ್ಯಪದ −5/3, ಅದರ ಸರಿಯಾಗಿ ಎರಡರಷ್ಟು −10/3. ಇದು ಆಕಸ್ಮಿಕವಲ್ಲ. ಒಂದು ಸಂಖ್ಯೆಯ ಚಿಹ್ನೆ ಬದಲಾದರೆ ಅದರ ವರ್ಗ ಬದಲಾಗುವುದಿಲ್ಲ, ಸ್ಥಿರಪದವೂ ಬದಲಾಗುವುದಿಲ್ಲ, ಮಧ್ಯಪದ ಮಾತ್ರ ತಿರುಗಿ ನಿಲ್ಲುತ್ತದೆ. ಸರಿಯಾದ ಮೂಲದಲ್ಲಿ ಮಧ್ಯಪದ +5/3 ಆಗಿ ಉಳಿದೆರಡು ಪದಗಳನ್ನು ಸರಿತೂಗಿಸುತ್ತಿತ್ತು. ಈಗ ಅದು −5/3 ಆಗಿದೆ. +5/3 ರಿಂದ −5/3 ಕ್ಕೆ ಇಳಿದ ದೂರವೇ 10/3.

ಆದ್ದರಿಂದ ತಾಳೆಯಲ್ಲಿ ಬಂದ ಉಳಿಕೆ ಮಧ್ಯಪದದ ಎರಡರಷ್ಟಿದ್ದರೆ ಮೂಲದ ಅಂಕಿ ಸರಿ, ಚಿಹ್ನೆ ತಪ್ಪು. ಒಂದೇ ಮೂಲದಲ್ಲಿ ಹೀಗಾದರೆ ಅಪವರ್ತನದ ಕೊನೆಯ ಸಾಲನ್ನು ನೋಡಬೇಕು. ಎರಡೂ ಮೂಲಗಳಲ್ಲಿ ಹೀಗಾದರೆ ಸೂತ್ರ ಬಳಸುವಾಗ −b ಯ ಮೈನಸ್ ಬಿಟ್ಟುಹೋಗಿರಬಹುದು. ಇದೇ ಸಮೀಕರಣದಲ್ಲಿ −b ಬದಲು b ಬಳಸಿದರೆ −2 ಮತ್ತು 1/3 ಬರುತ್ತವೆ. −2 ನ್ನು ಹಾಕಿ: 12 + 10 − 2 = 20. ಮಧ್ಯಪದ 10, ಉಳಿಕೆ 20. ಹೀಗೆ ಎರಡೂ ಮೂಲಗಳನ್ನು ಹಾಕಿ ನೋಡಿದವರಿಗೆ ಮಾತ್ರ ತಪ್ಪು ಕೊನೆಯ ಸಾಲಿನದೋ ಸೂತ್ರದ್ದೋ ಎಂದು ಬೇರ್ಪಡಿಸಿ ಹೇಳಲು ಬರುತ್ತದೆ.

ತಾಳೆ ನೋಡುವ ಕೈಯೂ ತಪ್ಪಬಹುದು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಋಣ ಸಂಖ್ಯೆಯನ್ನು ಆವರಣವಿಲ್ಲದೆ ಹಾಕುವುದೇ ಅದಕ್ಕೆ ಮುಖ್ಯ ಕಾರಣ. x² − x − 12 ರಲ್ಲಿ −3 ನ್ನು ಹಾಕುವಾಗ (−3)² − (−3) − 12 ಎಂದು ಬರೆದರೆ 9 + 3 − 12 = 0. ಆವರಣ ಬಿಟ್ಟರೆ ಅದೇ −9 − 3 − 12 ಆಗಿ −24 ಕ್ಕೆ ಹೋಗಿ ನಿಲ್ಲುತ್ತದೆ, ಸರಿಯಿದ್ದ ಮೂಲವನ್ನು ತಪ್ಪೆಂದು ಅಳಿಸಿಬಿಡುತ್ತಾರೆ. ಯಂತ್ರಗಳೂ ಈ ವಿಷಯದಲ್ಲಿ ಒಮ್ಮತದಲ್ಲಿಲ್ಲ. ಪೈಥಾನ್‌ನಲ್ಲಿ `-3**2` ಎಂದು ಟೈಪ್ ಮಾಡಿದರೆ −9 ಬರುತ್ತದೆ, ಎಕ್ಸೆಲ್‌ನ ಕೋಶದಲ್ಲಿ `=-3^2` ಎಂದು ಹಾಕಿದರೆ 9 ಬರುತ್ತದೆ. ಒಂದು ಮೊದಲು ವರ್ಗ ಮಾಡಿ ಆಮೇಲೆ ಮೈನಸ್ ಹಚ್ಚುತ್ತದೆ, ಇನ್ನೊಂದು ಮೈನಸ್ಸನ್ನು ಸಂಖ್ಯೆಗೇ ಅಂಟಿಸಿ ಆಮೇಲೆ ವರ್ಗ ಮಾಡುತ್ತದೆ. `(-3)` ಎಂದು ಆವರಣ ಹಾಕಿದರೆ ಎರಡೂ ಕಡೆ ಒಂದೇ ಉತ್ತರ.

ಇಲ್ಲಿಯವರೆಗೆ ನೋಡಿದ್ದೆಲ್ಲ ಬಿಡಿಸುವವರ ಕೈತಪ್ಪು. ಕೈತಪ್ಪೇ ಇಲ್ಲದಿದ್ದರೂ, ಪ್ರತಿ ಹೆಜ್ಜೆಯನ್ನೂ ನಿಯಮ ಮೀರದೆ ಇಟ್ಟರೂ ಸಲ್ಲದ ಮೂಲವೊಂದು ಉತ್ತರದ ಸಾಲಿನಲ್ಲಿ ಬಂದು ಕೂರುವ ಸಂದರ್ಭವಿದೆ. ಅದನ್ನು ತೋರಿಸಲು ನಮ್ಮದೇ ನೆಲದ ಒಂದು ಲೆಕ್ಕವಿದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9 ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥ ಬರೆದ. ಗ್ರಂಥದ ಆರಂಭದಲ್ಲಿ ಅವನು ಅಮೋಘವರ್ಷನನ್ನು ಹೊಗಳಿದ್ದಾನೆ. ಆ ದೊರೆಯ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಗ್ರಂಥದ ಪ್ರಕೀರ್ಣಕ ಪ್ರಕರಣದಲ್ಲಿ ಒಂಟೆಗಳ ಲೆಕ್ಕವೊಂದಿದೆ. ಅದರ ಸಾರ ಇಷ್ಟು: ಒಂದು ಒಂಟೆ ಹಿಂಡಿನ ಕಾಲು ಭಾಗ ಕಾಡಿನಲ್ಲಿ ಕಂಡಿತು, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿಗೆ ಹೋಗಿವೆ, ಮೂರೈದಲ ಹದಿನೈದು ಒಂಟೆಗಳು ಹೊಳೆಯ ದಡದಲ್ಲಿ ಉಳಿದಿವೆ. ಹಾಗಾದರೆ ಹಿಂಡಿನಲ್ಲಿ ಎಷ್ಟು ಒಂಟೆ?

ಹಿಂಡಿನ ಸಂಖ್ಯೆಯನ್ನು x ಎಂದಿಟ್ಟುಕೊಂಡರೆ:

x/4 + 2√x + 15 = x

ಇವತ್ತಿನ ವಿದ್ಯಾರ್ಥಿ ವರ್ಗಮೂಲವನ್ನು ಒಂಟಿಯಾಗಿ ಒಂದು ಬದಿಗೆ ನಿಲ್ಲಿಸಿ ಎರಡೂ ಬದಿಯನ್ನು ವರ್ಗ ಮಾಡುತ್ತಾನೆ.

2√x = 3x/4 − 15
4x = (3x/4 − 15)²

ಬಲಭಾಗವನ್ನು ಬಿಡಿಸಿ, 16 ರಿಂದ ಗುಣಿಸಿ ಆದರ್ಶ ರೂಪಕ್ಕೆ ತಂದರೆ:

9x² − 424x + 3600 = 0

ಶೋಧಕ 424² − 4 × 9 × 3600 = 179776 − 129600 = 50176. ಇದು 224 ರ ವರ್ಗ. ಮೂಲಗಳು (424 + 224)/18 = 36 ಮತ್ತು (424 − 224)/18 = 100/9.

ಆದರ್ಶ ರೂಪದಲ್ಲಿ ಎರಡೂ ತಾಳೆಯಾಗುತ್ತವೆ. 100/9 ನ್ನು ಹಾಕಿದರೆ ಮೂರು ಪದಗಳು 10000/9, −42400/9, 32400/9 ಆಗಿ ಕೂಡಿದರೆ ಸೊನ್ನೆ. ಎಲ್ಲಿಯೂ ಲೆಕ್ಕ ತಪ್ಪಿಲ್ಲ. ಈಗ ಇವುಗಳನ್ನು ಒಂಟೆಗಳ ಸಾಲಿಗೇ ಒಯ್ಯೋಣ. 36 ಕ್ಕೆ: ಕಾಲು ಭಾಗ 9, ವರ್ಗಮೂಲ 6 ರ ಎರಡರಷ್ಟು 12, ಜೊತೆಗೆ 15, ಒಟ್ಟು 36. ಹಿಂಡು ಕೂಡಿಕೊಂಡಿತು. 100/9 ಕ್ಕೆ: ಕಾಲು ಭಾಗ 25/9, ವರ್ಗಮೂಲ 10/3 ರ ಎರಡರಷ್ಟು 20/3, ಅಂದರೆ 60/9, ಜೊತೆಗೆ 15, ಅಂದರೆ 135/9. ಒಟ್ಟು 220/9. ಆಗಬೇಕಿದ್ದದ್ದು 100/9. ತಾಳೆಯಿಲ್ಲ.

ತಪ್ಪೇ ಇಲ್ಲದ ದಾರಿಯಲ್ಲಿ ತಪ್ಪು ಮೂಲ ಎಲ್ಲಿಂದ ಬಂತು? ವರ್ಗ ಮಾಡುವ ಮುಂಚಿನ ಸಾಲಿನಲ್ಲಿ 100/9 ನ್ನು ಹಾಕಿ ನೋಡಿದರೆ ಉತ್ತರ ಕಣ್ಣಿಗೇ ಬೀಳುತ್ತದೆ. ಎಡಭಾಗ 2√x = 20/3. ಬಲಭಾಗ 3x/4 − 15 = 25/3 − 45/3 = −20/3. ಒಂದೇ ಅಂಕಿ, ಎದುರು ಬದುರು ಚಿಹ್ನೆ. ಇವೆರಡು ಸಮವಲ್ಲ. ಆದರೆ ವರ್ಗ ಮಾಡಿದೊಡನೆ ಎರಡೂ 400/9 ಆಗಿ ಸಮವಾಗಿಬಿಡುತ್ತವೆ. ಎರಡು ಸಂಖ್ಯೆಗಳು ಒಂದಕ್ಕೊಂದು ಸಮವಾಗಿದ್ದರೆ ಅವುಗಳ ವರ್ಗಗಳೂ ಸಮ ಎಂಬುದು ನಿಜ, ವರ್ಗಗಳು ಸಮವಾದ ಮಾತ್ರಕ್ಕೆ ಸಂಖ್ಯೆಗಳು ಸಮ ಎಂಬುದು ನಿಜವಲ್ಲ. ವರ್ಗ ಮಾಡುವ ಹೆಜ್ಜೆ ಮುಂದಕ್ಕೆ ಹೋಗುವಾಗ ಸರಿ, ಹಿಂದಕ್ಕೆ ಬರುವಾಗ ಸರಿಯಿರಬೇಕೆಂದಿಲ್ಲ. ಆ ಹೆಜ್ಜೆಯ ಆಚೆ ಬದಿಯಲ್ಲಿ ನಿಂತ ಆದರ್ಶ ರೂಪಕ್ಕೆ ಇದು ತಿಳಿಯುವುದೇ ಇಲ್ಲ. ಅದು ಏಕಕಾಲಕ್ಕೆ ಎರಡು ಸಮೀಕರಣಗಳನ್ನು ಹೊತ್ತಿದೆ: ಬೆಟ್ಟಕ್ಕೆ 2√x ಒಂಟೆಗಳು ಹೋದ ಲೆಕ್ಕ ಒಂದು, −2√x ಹೋದ ಲೆಕ್ಕ ಇನ್ನೊಂದು. 36 ಮೊದಲನೆಯದರ ಮೂಲ, 100/9 ಎರಡನೆಯದರದು. ಎರಡನೆಯ ಲೆಕ್ಕವನ್ನು ಯಾರೂ ಕೇಳಿರಲಿಲ್ಲ.

ಹನ್ನೊಂದು ಒಂಟೆ ಮತ್ತು ಇನ್ನೊಂದರ ಒಂಬತ್ತನೇ ಒಂದು ಪಾಲು ಇರುವುದಕ್ಕೆ ಸಾಧ್ಯವಿಲ್ಲ, ಆದ್ದರಿಂದ 100/9 ನ್ನು ಬಿಡೋಣ ಎಂದು ತಾಳೆ ನೋಡದೆಯೂ ಹೇಳಬಹುದಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಈ ಲೆಕ್ಕದಲ್ಲಿ ಆ ಮಾತು ದಡ ಸೇರಿಸುತ್ತದೆ, ಆದರೆ ಕಾರಣ ಅದಲ್ಲ. ಒಂಟೆಗಳ ಬದಲು ಅಕ್ಕಿಯ ತೂಕದ ಲೆಕ್ಕವಾಗಿದ್ದರೆ ಭಿನ್ನರಾಶಿಗೆ ಅಡ್ಡಿಯೇ ಇರುತ್ತಿರಲಿಲ್ಲ. ಆಗಲೂ 100/9 ತಪ್ಪೇ, ಏಕೆಂದರೆ ಅದು ಕೊಟ್ಟ ಸಮೀಕರಣವನ್ನು ಸರಿದೂಗಿಸುವುದಿಲ್ಲ.

ಮಹಾವೀರನಿಗೆ ಈ ತೊಡಕು ಎದುರಾಗುವುದಿಲ್ಲ. ಅವನ ಸೂತ್ರ ಹಿಂಡನ್ನೇ ಹುಡುಕದೆ ಮೊದಲು ಅದರ ವರ್ಗಮೂಲವನ್ನು ಹುಡುಕುತ್ತದೆ. ವರ್ಗಮೂಲದ ಮುಂದಿನ 2 ರ ಅರ್ಧವನ್ನೂ, ಉಳಿದ 15 ನ್ನೂ, ಒಂದರಲ್ಲಿ ಕಾಲು ಕಳೆದ ಮುಕ್ಕಾಲಿನಿಂದ ಭಾಗಿಸಿದರೆ 4/3 ಮತ್ತು 20. 4/3 ರ ವರ್ಗವನ್ನು 20 ಕ್ಕೆ ಕೂಡಿಸಿದರೆ 196/9, ಅದರ ವರ್ಗಮೂಲ 14/3. ಇದಕ್ಕೆ 4/3 ನ್ನು ಕೂಡಿಸಿದರೆ 6, ಅದರ ವರ್ಗ 36. ಕೊನೆಯಲ್ಲಿ ಕೂಡಿಸು ಎಂದಷ್ಟೇ ಸೂತ್ರ ಹೇಳುತ್ತದೆ. ನಾವು ಇವತ್ತು ಬರೆಯುವ ಕೂಡು-ಕಳೆ ಜೋಡಿ ಚಿಹ್ನೆಯ ಕಳೆಯುವ ಕೊಂಬೆ ಅಲ್ಲಿಲ್ಲ. ಆ ಕೊಂಬೆ ಹಿಡಿದು ಹೋದರೆ 4/3 − 14/3 = −10/3 ಬರುತ್ತದೆ, ಅದನ್ನು ವರ್ಗ ಮಾಡಿದರೆ ಮತ್ತೆ ಅದೇ 100/9. ಎರಡು ಕೊಂಬೆಯನ್ನೂ ಹತ್ತುವ ಇಂದಿನ ವಿಧಾನ ಹೆಚ್ಚು ಶಕ್ತಿಯುಳ್ಳದ್ದು, ಹಾಗೆ ಹತ್ತಿದವರು ಇಳಿದು ಬಂದು ತಾಳೆ ನೋಡುವ ಹೊಣೆಯನ್ನೂ ಹೊರಬೇಕು.

ಒಂಟೆಗಳ ಲೆಕ್ಕದಲ್ಲಿ ಸಮೀಕರಣವೇ ಒಂದು ಮೂಲವನ್ನು ತಳ್ಳಿತು. ಸಮೀಕರಣ ಎರಡನ್ನೂ ಒಪ್ಪಿದರೆ? ಇದಕ್ಕೆ ಭಾಸ್ಕರಾಚಾರ್ಯನ ಎರಡು ಕೋತಿ ಲೆಕ್ಕಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1114 ರಲ್ಲಿ ಹುಟ್ಟಿದ ಭಾಸ್ಕರ 1150 ರಲ್ಲಿ ಮುಗಿಸಿದ ‘ಸಿದ್ಧಾಂತಶಿರೋಮಣಿ’ಯ ಬೀಜಗಣಿತ ಭಾಗದಲ್ಲಿ ಅವು ಬರುತ್ತವೆ.

ಮೊದಲನೆಯದು: ಒಂದು ಕೋತಿ ಗುಂಪಿನ ಎಂಟನೇ ಒಂದು ಪಾಲಿನ ವರ್ಗದಷ್ಟು ಕೋತಿಗಳು ವನದಲ್ಲಿ ಆಡುತ್ತಿವೆ, ಉಳಿದ ಹನ್ನೆರಡು ಗುಡ್ಡದ ಮೇಲಿವೆ. ಅಂದರೆ (x/8)² + 12 = x. ಆದರ್ಶ ರೂಪಕ್ಕೆ ತಂದರೆ x² − 64x + 768 = 0, ಮೂಲಗಳು 48 ಮತ್ತು 16. ಕೊಟ್ಟ ಮಾತಿಗೇ ಹೋಗೋಣ. ಗುಂಪಿನಲ್ಲಿ 48 ಇದ್ದರೆ ಎಂಟನೇ ಪಾಲು 6, ವರ್ಗ 36, ಗುಡ್ಡದ ಮೇಲಿನ 12 ಸೇರಿ 48. ಗುಂಪಿನಲ್ಲಿ 16 ಇದ್ದರೆ ಎಂಟನೇ ಪಾಲು 2, ವರ್ಗ 4, ಗುಡ್ಡದ 12 ಸೇರಿ 16. ಎರಡೂ ಸಲ್ಲುತ್ತವೆ. ಭಾಸ್ಕರ ಎರಡನ್ನೂ ಉತ್ತರವಾಗಿ ಒಪ್ಪುತ್ತಾನೆ. ವರ್ಗಸಮೀಕರಣದ ವ್ಯಾವಹಾರಿಕ ಲೆಕ್ಕದಲ್ಲಿ ಒಂದು ಮೂಲ ಯಾವಾಗಲೂ ತಿರಸ್ಕಾರಕ್ಕೇ ಇರುವುದು ಎಂದುಕೊಂಡು, ಸಣ್ಣದನ್ನು ಕಣ್ಣುಮುಚ್ಚಿ ಅಳಿಸುವವರಿಗೆ ಈ ಹದಿನಾರು ಕೋತಿಗಳೇ ಉತ್ತರ.

ಎರಡನೆಯದು: ಗುಂಪಿನ ಐದನೇ ಒಂದು ಪಾಲಿನಲ್ಲಿ ಮೂರು ಕಳೆದು, ಬಂದದ್ದನ್ನು ವರ್ಗ ಮಾಡಿದರೆ ಎಷ್ಟೋ ಅಷ್ಟು ಕೋತಿಗಳು ಗುಹೆ ಹೊಕ್ಕಿವೆ, ಕೊಂಬೆಯ ಮೇಲೆ ಒಂದು ಕೋತಿ ಕಾಣುತ್ತಿದೆ.

(x/5 − 3)² + 1 = x

ಬಿಡಿಸಿದರೆ x² − 55x + 250 = 0. ಶೋಧಕ 3025 − 1000 = 2025, ಅದರ ವರ್ಗಮೂಲ 45, ಮೂಲಗಳು 50 ಮತ್ತು 5. ತಾಳೆ ನೋಡಿ. 50 ರ ಐದನೇ ಪಾಲು 10, ಮೂರು ಕಳೆದರೆ 7, ವರ್ಗ 49, ಕೊಂಬೆಯ ಮೇಲಿನದು ಸೇರಿ 50. ಇನ್ನು 5: ಐದನೇ ಪಾಲು 1, ಮೂರು ಕಳೆದರೆ −2, ವರ್ಗ 4, ಕೊಂಬೆಯ ಮೇಲಿನದು ಸೇರಿ 5. ಸಮೀಕರಣದಲ್ಲಿ ಎರಡೂ ತಾಳೆಯಾದವು. ಆದರೂ ಭಾಸ್ಕರ ಐದನ್ನು ಇಲ್ಲಿ ತೆಗೆದುಕೊಳ್ಳಕೂಡದು, ಅದು ಹೊಂದುವುದಿಲ್ಲ ಎನ್ನುತ್ತಾನೆ. ಋಣವಾಗಿ ನಿಂತ ರಾಶಿಯನ್ನು ಲೋಕ ಒಪ್ಪುವುದಿಲ್ಲ ಎಂಬುದು ಅವನು ಕೊಡುವ ಕಾರಣ.

ಗಮನಿಸಿ, 5 ಎಂಬ ಮೂಲ ಋಣ ಸಂಖ್ಯೆಯಲ್ಲ. ಐದು ಕೋತಿಗಳ ಗುಂಪು ಇರಬಹುದು. ಉತ್ತರವನ್ನಷ್ಟೇ ನೋಡಿ ‘ಧನವಾಗಿದೆ, ಪೂರ್ಣಾಂಕವಾಗಿದೆ, ಸರಿ’ ಎಂದು ಬಿಟ್ಟರೆ ತೊಡಕು ಕಾಣುವುದಿಲ್ಲ. ಮೂಲವನ್ನು ಕೊಟ್ಟ ಮಾತಿನೊಳಗೆ ಹಾಕಿ ಒಂದೊಂದೇ ಹೆಜ್ಜೆ ನಡೆದಾಗ, ಒಂದು ಕೋತಿಯಲ್ಲಿ ಮೂರು ಕೋತಿ ಕಳೆಯಬೇಕಾದ ಜಾಗದಲ್ಲಿ ಅದು ಎಡವುತ್ತದೆ. ಮುಂದಿನ ಹೆಜ್ಜೆಯಲ್ಲೇ ವರ್ಗ ಮಾಡಿದ್ದರಿಂದ −2 ಮಾಯವಾಗಿ 4 ಬಂದು, ಕೊನೆಯ ಮೊತ್ತದಲ್ಲಿ ಅದರ ಗುರುತೇ ಉಳಿಯುವುದಿಲ್ಲ. ಲೆಕ್ಕದ ಮಾತು ‘ಐದನೇ ಪಾಲನ್ನು ಮೂರರಲ್ಲಿ ಕಳೆದು’ ಎಂದಿದ್ದರೆ, ಸಮೀಕರಣ ಬೀಜಗಣಿತದ ದೃಷ್ಟಿಯಲ್ಲಿ ಇದೇ ಆಗಿ, ಐದು ಸಂದು ಐವತ್ತು ಬೀಳುತ್ತಿತ್ತು. ಸಮೀಕರಣವಾಗಿ ಬರೆದುಕೊಳ್ಳುವುದೂ ನಾವು ಇಟ್ಟ ಒಂದು ಹೆಜ್ಜೆಯೇ. ಆದ್ದರಿಂದ ವ್ಯಾವಹಾರಿಕ ಲೆಕ್ಕಗಳಲ್ಲಿ ಮೊಟ್ಟಮೊದಲ ಸಾಲು ಎಂದರೆ x ಇರುವ ಸಾಲಲ್ಲ, ಅದಕ್ಕೂ ಮೇಲಿರುವ ಮಾತಿನ ಸಾಲು. ಪರೀಕ್ಷೆಯಲ್ಲಿ ‘ಋಣ ಬೆಲೆಯನ್ನು ಪರಿಗಣಿಸಲಾಗದು’ ಎಂದು ಬರೆಯುವ ರೂಢಿ ಈ ತಾಳೆಯ ಒಂದು ತುಣುಕು ಮಾತ್ರ.

ಮೂಲಗಳಲ್ಲಿ ಕರಣಿ ಬಂದಾಗ ಬಹಳ ಮಂದಿ ತಾಳೆ ನೋಡುವುದನ್ನೇ ಬಿಡುತ್ತಾರೆ. x² − 4x + 1 = 0 ಕ್ಕೆ ಮೂಲಗಳು 2 + √3 ಮತ್ತು 2 − √3. ಕರಣಿಯನ್ನು ಹಾಗೇ ಇಟ್ಟುಕೊಂಡು ಹಾಕಿದರೆ ಇದು ಎರಡು ಸಾಲಿನ ಕೆಲಸ: (2 + √3)² = 7 + 4√3, ಅದರಲ್ಲಿ 8 + 4√3 ಕಳೆದರೆ −1, ಒಂದು ಕೂಡಿಸಿದರೆ ಸೊನ್ನೆ. ಕ್ಯಾಲ್ಕುಲೇಟರ್ ಹಿಡಿದು 3.73 ಎಂದು ಹಾಕಿದರೆ ಮಾತ್ರ 13.9129 − 14.92 + 1 = −0.0071 ಬರುತ್ತದೆ, ಸೊನ್ನೆ ಬರುವುದಿಲ್ಲ. ಇದು ತಪ್ಪೋ, ದಶಮಾಂಶವನ್ನು ಮೊಟಕು ಮಾಡಿದ್ದರ ಫಲವೋ ಎಂದು ತಿಳಿಯಲು ಇನ್ನೊಂದು ಸ್ಥಾನ ಸೇರಿಸಿ 3.732 ಹಾಕಬೇಕು. ಈಗ ಉಳಿಕೆ −0.000176. ಸ್ಥಾನ ಹೆಚ್ಚಿಸಿದಂತೆ ಉಳಿಕೆ ಕರಗುತ್ತ ಹೋದರೆ ಮೂಲ ಸರಿ. ನಿಜವಾಗಿ ತಪ್ಪಿದ ಮೂಲಕ್ಕೆ ಎಷ್ಟು ಸ್ಥಾನ ಸೇರಿಸಿದರೂ ಉಳಿಕೆ ಒಂದು ಬೆಲೆಗೆ ಅಂಟಿಕೊಂಡು ನಿಲ್ಲುತ್ತದೆ. ಕರಣಿ ಮೂಲಗಳಲ್ಲಿ ಒಂದು ಸೌಲಭ್ಯವೂ ಇದೆ. ಸಮೀಕರಣದ ಸಹಗುಣಕಗಳೆಲ್ಲ ಭಾಗಲಬ್ಧ ಸಂಖ್ಯೆಗಳಾಗಿದ್ದರೆ 2 + √3 ಸಂದ ಕೂಡಲೇ 2 − √3 ಸಲ್ಲಲೇಬೇಕು. ಒಂದನ್ನು ನೋಡಿ ಇನ್ನೊಂದನ್ನು ನಂಬಬಹುದಾದ ಸಂದರ್ಭ ಇದು.

ಇಷ್ಟೆಲ್ಲ ಮಾಡಿದರೂ ತಾಳೆಗೆ ಎಟುಕದ ಒಂದು ತಪ್ಪು ಉಳಿಯುತ್ತದೆ.

(x − 2)(x + 3) = 4(x − 2)

ಎರಡೂ ಬದಿಯಲ್ಲಿ x − 2 ಇದೆಯೆಂದು ಹೊಡೆದುಹಾಕಿದರೆ x + 3 = 4, ಅಂದರೆ x = 1. ಕೊಟ್ಟ ಸಮೀಕರಣದಲ್ಲಿ 1 ಹಾಕಿದರೆ ಎಡಭಾಗ (−1) × 4 = −4, ಬಲಭಾಗ 4 × (−1) = −4. ಅಚ್ಚುಕಟ್ಟಾಗಿ ತಾಳೆಯಾಯಿತು. ಆದರೆ ಲೆಕ್ಕ ಅರ್ಧವೇ ಆಗಿದೆ. x − 2 ಎಂಬುದು ಸೊನ್ನೆಯಾಗಿರಬಹುದು, ಸೊನ್ನೆಯಿಂದ ಭಾಗಿಸುವಂತಿಲ್ಲ ಎಂಬುದನ್ನು ಮರೆತು ಹೊಡೆದುಹಾಕಿದಾಗ ಒಂದು ಮೂಲ ಕೈಬಿಟ್ಟುಹೋಯಿತು. ತಾಳೆ ಕೈಯಲ್ಲಿರುವ ಮೂಲವನ್ನು ಮಾತ್ರ ವಿಚಾರಿಸುತ್ತದೆ, ಬಾರದೆ ಉಳಿದ ಮೂಲದ ಬಗ್ಗೆ ಅದಕ್ಕೆ ಗೊತ್ತಿಲ್ಲ. ವರ್ಗ ಮಾಡುವುದು ಬೇಡದ ಮೂಲವನ್ನು ತರುತ್ತದೆ, ಅದನ್ನು ತಾಳೆ ಹಿಡಿಯುತ್ತದೆ. ಚರವಿರುವ ಪದದಿಂದ ಭಾಗಿಸುವುದು ಬೇಕಾದ ಮೂಲವನ್ನು ಕಳೆಯುತ್ತದೆ, ಅದನ್ನು ತಾಳೆ ಹಿಡಿಯದು.

ಅದಕ್ಕೆ ಮೂಲಗಳ ಮೊತ್ತ ಮತ್ತು ಗುಣಲಬ್ಧ ಬೇಕು. ax² + bx + c = 0 ದಲ್ಲಿ ಮೂಲಗಳ ಮೊತ್ತ −b/a, ಗುಣಲಬ್ಧ c/a. ಇವುಗಳನ್ನೂ ಎಚ್ಚರದಿಂದಲೇ ಬಳಸಬೇಕು, ಏಕೆಂದರೆ ಇವು ಆದರ್ಶ ರೂಪದಿಂದ ಬರುವಂಥವು. ಆ ರೂಪಕ್ಕೆ ತರುವಾಗ ಆದ ತಪ್ಪು ಇವುಗಳಿಗೂ ಅಂಟುತ್ತದೆ. ಮೊದಲ ಲೆಕ್ಕದ ಹುಡುಗಿಯ 3 ಮತ್ತು −2 ಅವಳ ತಪ್ಪು ಸಮೀಕರಣಕ್ಕೆ ಮೊತ್ತದಲ್ಲೂ ಗುಣಲಬ್ಧದಲ್ಲೂ ಚೆನ್ನಾಗಿ ಹೊಂದುತ್ತವೆ. ಸರಿಯಾದ ಸಮೀಕರಣದ ಮೊತ್ತಕ್ಕೂ ಅವು ಹೊಂದುತ್ತವೆ, ಎರಡರಲ್ಲೂ ಮೊತ್ತ 1. ಹಾಗಾಗಿ ಇದು ಆದೇಶಿಸಿ ನೋಡುವುದಕ್ಕೆ ಬದಲಿಯಲ್ಲ, ಅದರ ಜೊತೆಗಿರಬೇಕಾದದ್ದು.

ಈಗ ಕೈಯಲ್ಲಿರುವ ಲೆಕ್ಕವನ್ನು ಹೊಡೆದುಹಾಕದೆ ಬಿಡಿಸೋಣ. ಎಡಭಾಗ x² + x − 6, ಬಲಭಾಗ 4x − 8. ಎಡಕ್ಕೆ ತಂದರೆ x² − 3x + 2 = 0. ಮೂಲಗಳ ಮೊತ್ತ 3 ಇರಬೇಕು. ಕೈಯಲ್ಲಿರುವುದು 1. ಅದೇ ಮೂಲ ಎರಡು ಸಲ ಬಂದಿದೆ ಎಂದರೂ ಮೊತ್ತ 2 ಆಗುತ್ತದೆ, 3 ಆಗುವುದಿಲ್ಲ. ಹಾಗಾದರೆ ಕಾಣದ ಮೂಲ 3 − 1 = 2. ಗುಣಲಬ್ಧ 1 × 2 = 2, ಅದೂ ಹೊಂದಿತು. ಇನ್ನು ಈ 2 ನ್ನು ಕೊಟ್ಟ ಸಮೀಕರಣಕ್ಕೇ ಒಯ್ದು ನೋಡಬೇಕು: ಎಡಭಾಗ 0 × 5, ಬಲಭಾಗ 4 × 0, ಎರಡೂ ಸೊನ್ನೆ.